ಫ್ರಾಂಚೈಸಿ ರಾಯಲ್ಟಿ ಮಾರಾಟದ ಮೇಲೇಕೆ, ಲಾಭದ ಮೇಲೇಕಲ್ಲ?

ಬೇರೊಬ್ಬರ ಬ್ರ್ಯಾಂಡಿನ ಹೆಸರಿನಲ್ಲಿ, ತಮ್ಮ ಸ್ವಂತ ಬಂಡವಾಳ ಹಾಕಿ ಮಳಿಗೆ ತೆರೆದವರ ತಿಂಗಳ ಲೆಕ್ಕವನ್ನು ಒಮ್ಮೆ ಮುಂದಿಟ್ಟುಕೊಂಡು ನೋಡಿದರೆ ಫ್ರಾಂಚೈಸಿ ವ್ಯವಹಾರದ ಮುಖ್ಯ ಪ್ರಶ್ನೆ ತಾನಾಗಿ ಎದುರಾಗುತ್ತದೆ. ಒಟ್ಟು ಮಾರಾಟವನ್ನು 100 ಎಂದಿಟ್ಟುಕೊಳ್ಳೋಣ. ಅದರಲ್ಲಿ ಸರಕಿಗೆ 32, ಸಂಬಳಕ್ಕೆ 28, ಬಾಡಿಗೆಗೆ 10, ವಿದ್ಯುತ್ತು, ದುರಸ್ತಿ ಮೊದಲಾದವಕ್ಕೆ 10 ಹೋಗುತ್ತದೆ. ಬ್ರ್ಯಾಂಡ್ ಮಾಲೀಕರಿಗೆ ರಾಯಲ್ಟಿ 6, ಜಾಹೀರಾತು ನಿಧಿಗೆ 4. ಮಳಿಗೆದಾರರ ಕೈಯಲ್ಲಿ ಉಳಿಯುವುದು 10. ಇದು ಲೆಕ್ಕಕ್ಕಾಗಿ ಕಲ್ಪಿಸಿಕೊಂಡ ಮಳಿಗೆ. ಆದರೆ ಸರಕು, ಸಂಬಳ, ಬಾಡಿಗೆ ಎಲ್ಲವೂ ಮಳಿಗೆದಾರರ ಖರ್ಚಾಗಿದ್ದು, ರಾಯಲ್ಟಿ ಮಾತ್ರ ಆ ಖರ್ಚುಗಳ ಗೊಡವೆಗೆ ಹೋಗದೆ ನೇರವಾಗಿ ಒಟ್ಟು ಮಾರಾಟದಿಂದಲೇ ಕಡಿತವಾಗುವುದು ಇಂಥ ಬಹುತೇಕ ಒಪ್ಪಂದಗಳ ಸ್ವರೂಪ.

ಈಗ ಬ್ರ್ಯಾಂಡ್ ಮಾಲೀಕರು ಎಲ್ಲ ಮಳಿಗೆಗಳೂ ಬೆಲೆಯನ್ನು ಶೇಕಡಾ 20ರಷ್ಟು ಇಳಿಸಬೇಕೆಂದು ರಿಯಾಯಿತಿ ಯೋಜನೆಯೊಂದನ್ನು ತರುತ್ತಾರೆ ಎನ್ನೋಣ. ಗಿರಾಕಿಗಳು ಬರುತ್ತಾರೆ, ಮಾರಾಟವಾಗುವ ವಸ್ತುಗಳ ಸಂಖ್ಯೆ ಶೇಕಡಾ 30ರಷ್ಟು ಏರುತ್ತದೆ, ಒಟ್ಟು ಮಾರಾಟ 100ರಿಂದ 104ಕ್ಕೆ ಹೋಗುತ್ತದೆ. ಆದರೆ ಸರಕಿನ ವೆಚ್ಚ ವಸ್ತುಗಳ ಸಂಖ್ಯೆಯ ಜೊತೆಗೇ ಏರಿ 41.6 ಆಗುತ್ತದೆ. ಹೆಚ್ಚುವರಿ ಕೆಲಸದಿಂದ ಸಂಬಳ 31ಕ್ಕೂ ಇತರ ಖರ್ಚು 11ಕ್ಕೂ ಮುಟ್ಟುತ್ತದೆ, ಬಾಡಿಗೆ 10ರಲ್ಲೇ ಉಳಿಯುತ್ತದೆ. ರಾಯಲ್ಟಿ 6.24, ಜಾಹೀರಾತು ನಿಧಿ 4.16. ಎಲ್ಲವನ್ನೂ ಕೂಡಿದರೆ ಸರಿಯಾಗಿ 104. ಅಂಗಡಿ ತುಂಬಿದೆ, ಸಿಬ್ಬಂದಿಗೆ ಪುರಸೊತ್ತಿಲ್ಲ, ಬ್ರ್ಯಾಂಡ್ ಮಾಲೀಕರ ಆದಾಯ ಸ್ವಲ್ಪ ಏರಿದೆ, ಮಳಿಗೆದಾರರಿಗೆ ಮಾತ್ರ ಏನೂ ಉಳಿದಿಲ್ಲ. ಇದರಲ್ಲಿ ಯಾರೂ ಯಾರಿಗೂ ಮೋಸ ಮಾಡಿಲ್ಲ ಎಂಬುದನ್ನು ಗಮನಿಸಬೇಕು. ಒಬ್ಬರ ಪಾಲು ಮಾರಾಟದ ಜೊತೆಗೂ ಇನ್ನೊಬ್ಬರ ಪಾಲು ಲಾಭದ ಜೊತೆಗೂ ಕಟ್ಟಿಕೊಂಡಿದ್ದರಿಂದಲೇ ಇಬ್ಬರ ಹಿತ ಬೇರೆಬೇರೆ ದಾರಿ ಹಿಡಿಯಿತು. ಹಾಗಿದ್ದರೂ ಈ ಪದ್ಧತಿಯೇ ಏಕೆ ನೆಲೆಯೂರಿತು ಎಂದು ತಿಳಿಯಬೇಕಾದರೆ, ಬೇರೆ ಪದ್ಧತಿಗಳು ಏನಾದವು ಎಂಬುದನ್ನು ನೋಡಬೇಕು.

1899ರಲ್ಲಿ ಅಮೆರಿಕದ ಟೆನೆಸಿ ರಾಜ್ಯದ ಚಟಾನೂಗಾ ಊರಿನ ಇಬ್ಬರು ವಕೀಲರು, ಬೆಂಜಮಿನ್ ಥಾಮಸ್ ಮತ್ತು ಜೋಸೆಫ್ ವೈಟ್‌ಹೆಡ್, ಕೋಕಾ-ಕೋಲಾ ಕಂಪನಿಯ ಆಸಾ ಕ್ಯಾಂಡ್ಲರ್ ಅವರನ್ನು ಕಂಡು, ಆ ಪಾನೀಯವನ್ನು ದೇಶದ ಬಹುಭಾಗದಲ್ಲಿ ಬಾಟಲಿಗೆ ತುಂಬಿ ಮಾರುವ ಹಕ್ಕನ್ನು 1 ಡಾಲರಿಗೆ ಬರೆಸಿಕೊಂಡರು. ಬಾಟಲಿಯ ವ್ಯಾಪಾರ ದೊಡ್ಡದಾದೀತೆಂದು ಕ್ಯಾಂಡ್ಲರ್ ನಂಬಿರಲಿಲ್ಲ. ರಾಯಲ್ಟಿಯ ಮಾತೇ ಆ ಒಪ್ಪಂದದಲ್ಲಿರಲಿಲ್ಲ. ಕಂಪನಿಯ ಆದಾಯವೆಲ್ಲ ಸಿರಪ್ಪಿನ ಮಾರಾಟದಿಂದಲೇ ಬರಬೇಕಿತ್ತು. ಆ ಸಿರಪ್ಪಿನ ಬೆಲೆಯನ್ನೋ ಸ್ಥಿರವಾಗಿ ಬರೆಯಲಾಗಿತ್ತು, ಒಪ್ಪಂದಕ್ಕೆ ಕೊನೆಯ ದಿನಾಂಕವೂ ಇರಲಿಲ್ಲ.

ಕಾರ್ಖಾನೆ ಕಟ್ಟುವುದು, ಯಂತ್ರ, ಬಾಟಲಿ, ಸಾಗಣೆ, ಇವೆಲ್ಲದರ ಹೊರೆಯನ್ನು ಬಾಟ್ಲಿಂಗ್‌ನವರು ಹೊತ್ತರು. ಕಂಪನಿ ತನ್ನ ಹಣ ಹಾಕದೆಯೇ ದೇಶದುದ್ದಕ್ಕೂ ಹರಡಿತು. ಆದರೆ ಮೊದಲ ಮಹಾಯುದ್ಧದ ನಂತರ ಸಕ್ಕರೆಯ ಬೆಲೆ ಗಗನಕ್ಕೇರಿದಾಗ, ಒಪ್ಪಂದ ಬರೆಯುವಾಗ ಯಾರೂ ಯೋಚಿಸದ ಅಪಾಯವೊಂದು ಕಂಪನಿಯ ತಲೆಯ ಮೇಲೆಯೇ ಬಿತ್ತು: ಸಿರಪ್ಪಿನ ಬೆಲೆ ಏರಿಸುವಂತಿಲ್ಲ, ಸಕ್ಕರೆಯಿಲ್ಲದೆ ಸಿರಪ್ ಇಲ್ಲ. ಒಪ್ಪಂದವನ್ನು ಬೇಕೆಂದಾಗ ಮುಗಿಸುವ ಹಕ್ಕು ತನಗಿದೆ ಎಂದು ಕಂಪನಿ ಹೇಳಿತು, ಬಾಟ್ಲಿಂಗ್‌ನವರು 1920ರಲ್ಲಿ ನ್ಯಾಯಾಲಯಕ್ಕೆ ಹೋದರು. ಮರುವರ್ಷ ರಾಜಿಯಾಯಿತು, ಸಿರಪ್ಪಿನ ಬೆಲೆ ಸಕ್ಕರೆಯ ಬೆಲೆಯ ಜೊತೆ ಏರಿಳಿಯುವಂತೆ ತಿದ್ದಲಾಯಿತು. ನನ್ನ ಮಟ್ಟಿಗೆ ಈ ಒಂದು ತಿದ್ದುಪಡಿ ಫ್ರಾಂಚೈಸಿಯ ಇತಿಹಾಸದಲ್ಲಿ ಬಹಳ ದೊಡ್ಡದು, ಏಕೆಂದರೆ ಯಾರ ಕೈಯಲ್ಲೂ ಇಲ್ಲದ ಅಪಾಯವನ್ನು ಒಬ್ಬರ ಮೇಲೆಯೇ ಹೊರಿಸಿದರೆ ಒಪ್ಪಂದ ಬಾಳುವುದಿಲ್ಲ ಎಂಬುದನ್ನು ಎರಡೂ ಕಡೆಯವರು ಕಾಗದದ ಮೇಲೆ ಒಪ್ಪಿಕೊಂಡರು.

ಸರಕು ಮಾರಿಯೇ ಸಂಪಾದಿಸುವ ದಾರಿಗೆ ಇನ್ನೊಂದು ಕೆಡುಕೂ ಇತ್ತು, ಅದು ಹೊರಬಿದ್ದದ್ದು ಅರ್ಧ ಶತಮಾನದ ಮೇಲೆ. ಚಿಕನ್ ಡಿಲೈಟ್ ಎಂಬ ಅಮೆರಿಕದ ಸರಪಳಿ ತನ್ನ ಮಳಿಗೆದಾರರಿಂದ ಪ್ರವೇಶ ಶುಲ್ಕವನ್ನಾಗಲಿ ರಾಯಲ್ಟಿಯನ್ನಾಗಲಿ ಕೇಳುತ್ತಿರಲಿಲ್ಲ. ಅದರ ಬದಲು ಅಡುಗೆಯ ಯಂತ್ರಗಳನ್ನೂ, ಮಸಾಲೆ ಹಿಟ್ಟನ್ನೂ, ಪ್ಯಾಕಿಂಗ್ ಸಾಮಗ್ರಿಯನ್ನೂ ತನ್ನಿಂದಲೇ ಕೊಳ್ಳಬೇಕೆಂದು ಷರತ್ತು ಹಾಕಿ, ಅವಕ್ಕೆ ಹೊರಗಿನವರಿಗಿಂತ ಹೆಚ್ಚಿನ ಬೆಲೆ ಹಿಡಿಯುತ್ತಿತ್ತು. ಬ್ರ್ಯಾಂಡಿನ ಬೆಲೆ ಕಾಗದದ ಡಬ್ಬಿಯ ಬೆಲೆಯೊಳಗೆ ಅಡಗಿತ್ತು. ಮಳಿಗೆದಾರರು ಹೂಡಿದ ದಾವೆಯಲ್ಲಿ 1971ರಲ್ಲಿ ಅಮೆರಿಕದ ಒಂಬತ್ತನೇ ವಲಯದ ಮೇಲ್ಮನವಿ ನ್ಯಾಯಾಲಯ, ಬ್ರ್ಯಾಂಡಿನ ಹೆಸರು ಬೇಕೆಂದರೆ ಈ ಸಾಮಗ್ರಿಯನ್ನೂ ನಮ್ಮಿಂದಲೇ ಕೊಳ್ಳಿ ಎನ್ನುವುದು ಸ್ಪರ್ಧಾ ಕಾನೂನಿಗೆ ವಿರುದ್ಧವಾದ ಕಟ್ಟುಪಾಡು ಎಂದಿತು. ಪರಿಹಾರದ ವಿಷಯಕ್ಕೆ ಬಂದಾಗ ಮಾತ್ರ, ಶುಲ್ಕವಿಲ್ಲದೆ ಬಳಸಿದ ಬ್ರ್ಯಾಂಡಿನ ಮೌಲ್ಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಸೂಚಿಸಿತು. ಸಾಮಗ್ರಿಯ ಲಾಭವನ್ನೇ ನೆಚ್ಚಿಕೊಂಡಿದ್ದ ವ್ಯವಹಾರಕ್ಕೆ ಇದು ಗಟ್ಟಿಯಾದ ಎಚ್ಚರಿಕೆಯಾಯಿತು.

ಆ ಹೊತ್ತಿಗೆ ಬೇರೊಂದು ದಾರಿ ಆಗಲೇ ಸಿದ್ಧವಾಗಿತ್ತು. ರೇ ಕ್ರಾಕ್ 1955ರಲ್ಲಿ ಇಲಿನಾಯ್ಸ್‌ನ ಡೆಸ್ ಪ್ಲೇನ್ಸ್‌ನಲ್ಲಿ ತಮ್ಮ ಮೊದಲ ಮೆಕ್‌ಡೊನಾಲ್ಡ್ಸ್ ತೆರೆದಾಗ, ಮಳಿಗೆದಾರರಿಗೆ ತಾವೇ ಸರಕು ಮಾರಬಾರದೆಂದು ತೀರ್ಮಾನಿಸಿದ್ದರು. ಮಳಿಗೆಯವನಿಗೆ ಮಾಲು ಮಾರಿ ಗಳಿಸತೊಡಗಿದರೆ ಅವನ ವ್ಯಾಪಾರಕ್ಕಿಂತ ತಮ್ಮ ಮಾಲಿನ ಲಾಭವೇ ಮುಖ್ಯವಾಗುತ್ತದೆ ಎಂಬುದು ಅವರ ವಾದ. ಆದ್ದರಿಂದ 950 ಡಾಲರ್ ಪ್ರವೇಶ ಶುಲ್ಕ, ಆಮೇಲೆ ಮಾರಾಟದ ಶೇಕಡಾ 1.9 ಎಂದು ನಿಗದಿಯಾಯಿತು. ಅದರಲ್ಲೂ 0.5 ಮೂಲ ಮಾಲೀಕರಾದ ಮೆಕ್‌ಡೊನಾಲ್ಡ್ ಸಹೋದರರಿಗೆ ಸೇರಬೇಕಿತ್ತು. ಉಳಿದ 1.4ರಲ್ಲಿ ತರಬೇತಿ, ತಪಾಸಣೆ, ಜಾಗ ಹುಡುಕುವುದು ಎಲ್ಲವೂ ಆಗಬೇಕು. ಕಂಪನಿಗೆ ಅದು ಸಾಲಲಿಲ್ಲ. 1956ರಲ್ಲಿ ಹ್ಯಾರಿ ಸಾನ್‌ಬಾರ್ನ್ ಅವರ ಯೋಚನೆಯಂತೆ ಕಂಪನಿಯೇ ಜಾಗವನ್ನು ಭೋಗ್ಯಕ್ಕೆ ಹಿಡಿದು ಮಳಿಗೆದಾರರಿಗೆ ಹೆಚ್ಚಿನ ಬಾಡಿಗೆಗೆ ಕೊಡತೊಡಗಿತು. ಮಾರಾಟ ಕಡಿಮೆಯಿದ್ದಾಗ ನಿಗದಿತ ಕನಿಷ್ಠ ಬಾಡಿಗೆ, ಮಾರಾಟ ಏರಿದಾಗ ಅದರ ಶೇಕಡಾ 5, ಇವೆರಡರಲ್ಲಿ ಯಾವುದು ಹೆಚ್ಚೋ ಅದು ಕಂಪನಿಗೆ. ನಷ್ಟದ ದಿನಗಳಲ್ಲಿ ಕೆಳಗೊಂದು ತಳ, ಒಳ್ಳೆಯ ದಿನಗಳಲ್ಲಿ ಮೇಲಿನ ಪಾಲು: ಬ್ರ್ಯಾಂಡ್ ಮಾಲೀಕರ ಕಡೆಯಿಂದ ನೋಡಿದರೆ ಇದಕ್ಕಿಂತ ಭದ್ರವಾದ ಏರ್ಪಾಡು ಕಷ್ಟ. ಒಪ್ಪಂದ ಮುರಿದ ಮಳಿಗೆದಾರ ಜಾಗವನ್ನೂ ಕಳೆದುಕೊಳ್ಳುತ್ತಿದ್ದುದರಿಂದ ಶಿಸ್ತಿನ ಹಗ್ಗವೂ ಕಂಪನಿಯ ಕೈಗೇ ಬಂತು.

ಹಾಗಾದರೆ ಲಾಭದಲ್ಲೇ ಪಾಲು ಹಂಚಿಕೊಂಡರೆ ಇಬ್ಬರ ಹಿತವೂ ಒಂದಾಗುವುದಿಲ್ಲವೇ ಎಂದು ಕೇಳಬಹುದು. ಕಾಗದದ ಮೇಲೆ ಅದು ನ್ಯಾಯವಾಗಿಯೇ ಕಾಣುತ್ತದೆ. ತೊಡಕಿರುವುದು ಲಾಭವನ್ನು ಅಳೆಯುವುದರಲ್ಲಿ. ಮಾರಾಟವನ್ನು ಬಿಲ್ ಯಂತ್ರದಿಂದ, ಕೊಂಡ ಸರಕಿನ ಪ್ರಮಾಣದಿಂದ ದೂರದಲ್ಲಿದ್ದೂ ತಾಳೆ ನೋಡಬಹುದು. ನೂರು ಡಬ್ಬಿ ಕೊಂಡವರು ಅರವತ್ತೇ ಮಾರಿದ್ದೇವೆಂದರೆ ತಕ್ಷಣ ಗೊತ್ತಾಗುತ್ತದೆ. ಖರ್ಚು ಹಾಗಲ್ಲ. ಮನೆಯವರ ಹೆಸರಿಗೆ ಸಂಬಳ ಬರೆಯಬಹುದು, ಸ್ವಂತ ವಾಹನದ ವೆಚ್ಚವನ್ನು ಅಂಗಡಿಗೆ ಹಾಕಬಹುದು, ಲಾಭ ಕಾಣದಂತೆ ಮಾಡಬಹುದು. ಪ್ರತಿ ಮಳಿಗೆಯ ಪ್ರತಿ ಖರ್ಚನ್ನೂ ಕುಳಿತು ನೋಡುವುದಾದರೆ ಬ್ರ್ಯಾಂಡ್ ಮಾಲೀಕರು ತಾವೇ ಮಳಿಗೆ ನಡೆಸಬಹುದಿತ್ತು. ಖರ್ಚು ಹಿಡಿತದಲ್ಲಿಡುವ ಜಾಣ್ಮೆ, ದಿನವೂ ಅಂಗಡಿಯಲ್ಲಿ ನಿಲ್ಲುವ ಶ್ರದ್ಧೆ ಮಳಿಗೆದಾರರಿಂದಲೇ ಬರಬೇಕು, ಅದಕ್ಕೆ ಪ್ರತಿಫಲವಾಗಿ ಉಳಿದದ್ದೆಲ್ಲ ಅವರದೇ ಆಗಬೇಕು ಎಂಬುದು ಈ ಏರ್ಪಾಡಿನ ತಿರುಳು.

ಇನ್ನು ಮೊದಲೇ ಇಡಿಗಂಟು ಪಡೆದು ರಾಯಲ್ಟಿಯನ್ನೇ ಬಿಟ್ಟುಬಿಟ್ಟರೆ? ಆಗ ಮಳಿಗೆದಾರರ ಭಾರ ಇಳಿಯುತ್ತದೆ ನಿಜ, ಆದರೆ ಹಣ ಕೈಸೇರಿದ ಮರುದಿನದಿಂದ ಬ್ರ್ಯಾಂಡಿನ ಹೆಸರು ಉಳಿಸಿಕೊಳ್ಳಲು, ಗುಣಮಟ್ಟ ಕೆಡಿಸಿದ ಇನ್ನೊಂದು ಮಳಿಗೆಯನ್ನು ತಿದ್ದಲು ಮಾಲೀಕರಿಗೆ ಕಾರಣವೇ ಉಳಿಯುವುದಿಲ್ಲ. ಒಬ್ಬ ಮಳಿಗೆದಾರನ ಅಸಡ್ಡೆಯಿಂದ ಕೆಟ್ಟ ಹೆಸರು ಎಲ್ಲ ಮಳಿಗೆಗಳಿಗೂ ಅಂಟುತ್ತದೆ. ಮುಂದೆ ಬರುವ ರಾಯಲ್ಟಿಯ ಆಸೆ ಮಾಲೀಕರನ್ನು ಕೆಲಸದಲ್ಲಿ ಕಟ್ಟಿಹಾಕುತ್ತದೆ. ಹೀಗಾಗಿ ಮಾರಾಟದ ಮೇಲಿನ ರಾಯಲ್ಟಿ ಯಾರಿಗೂ ಪೂರ್ತಿ ಒಪ್ಪುವಂಥದ್ದಲ್ಲದಿದ್ದರೂ, ಇಬ್ಬರಲ್ಲಿ ಯಾರೂ ಕೈಕಟ್ಟಿ ಕೂರದಂತೆ ನೋಡಿಕೊಳ್ಳುವ ರಾಜಿಯಾಗಿ ಉಳಿಯಿತು.

ಆದರೆ ಈ ರಾಜಿಯಲ್ಲಿ ಅಪಾಯ ಸಮವಾಗಿ ಹಂಚಿಹೋಗಿಲ್ಲ. ಮೊದಲಿನ ಮಳಿಗೆಯ ಮಾರಾಟ ಶೇಕಡಾ 10 ಕುಸಿದು 90ಕ್ಕೆ ಇಳಿದರೆ, ಸರಕು 28.8, ಸಂಬಳ 27, ಬಾಡಿಗೆ 10, ಇತರೆ 10, ರಾಯಲ್ಟಿ 5.4, ಜಾಹೀರಾತು 3.6 ಹೋಗಿ ಉಳಿಯುವುದು 5.2. ಬ್ರ್ಯಾಂಡಿನ ಆದಾಯ ಹತ್ತರಲ್ಲೊಂದು ಪಾಲು ಇಳಿದರೆ ಮಳಿಗೆದಾರರದು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಮಳಿಗೆಗೆಂದು ಮಾಡಿದ ಸಾಲದ ಕಂತು ಕಟ್ಟಬೇಕಾದದ್ದು ಈ 5.2ರಲ್ಲೇ. ಬ್ರ್ಯಾಂಡ್ ಮಾಲೀಕರ ಆದಾಯ ನೂರಾರು ಮಳಿಗೆಗಳಲ್ಲಿ ಹರಡಿರುತ್ತದೆ, ಮಳಿಗೆದಾರರ ಉಳಿತಾಯವೆಲ್ಲ ಒಂದೇ ಅಂಗಡಿಯಲ್ಲಿರುತ್ತದೆ.

ಅತಿ ಹೆಚ್ಚು ಕಹಿ ಹುಟ್ಟುವುದು ಹತ್ತಿರದಲ್ಲೇ ಅದೇ ಬ್ರ್ಯಾಂಡಿನ ಇನ್ನೊಂದು ಮಳಿಗೆ ತೆರೆದಾಗ. ಹೊಸ ಮಳಿಗೆ 70ರಷ್ಟು ಮಾರಿ, ಅದರಲ್ಲಿ 15 ಹಳೆಯ ಮಳಿಗೆಯ ಗಿರಾಕಿಗಳಿಂದಲೇ ಬಂದರೆ, ಮಾಲೀಕರಿಗೆ ರಾಯಲ್ಟಿ ಬರುವ ಮಾರಾಟ 100ರಿಂದ 155ಕ್ಕೆ ಏರುತ್ತದೆ. ಹಳೆಯ ಮಳಿಗೆ 85ರಲ್ಲಿ ತನ್ನ ಬಾಡಿಗೆ, ಸಂಬಳ ತೂಗಿಸಬೇಕು. ಅಮೆರಿಕದ ಅಯೋವಾ ರಾಜ್ಯ 1992ರಲ್ಲಿ ಫ್ರಾಂಚೈಸಿ ಕಾನೂನು ತಂದು ಇಂಥ ಅತಿಕ್ರಮಣಕ್ಕೆ ಕಡಿವಾಣ ಹಾಕಲು ಮುಂದಾದದ್ದು ಇದೇ ಕಾರಣಕ್ಕೆ. ಕಾನೂನಿನ ಆಸರೆ ಇಲ್ಲದ ಕಡೆ ಉಳಿಯುವುದು ಒಪ್ಪಂದದಲ್ಲಿ ಮಳಿಗೆಯ ಸುತ್ತಲಿನ ಪ್ರದೇಶದ ಬಗ್ಗೆ ಬರೆದ ಒಂದೆರಡು ವಾಕ್ಯ ಮಾತ್ರ. ಆ ಪ್ರದೇಶದೊಳಗೆ ಇನ್ನೊಂದು ಮಳಿಗೆ ತೆರೆಯುವುದಿಲ್ಲ ಎಂದಷ್ಟೇ ಬರೆದು, ಮನೆಬಾಗಿಲಿಗೆ ತಲುಪಿಸುವ ಮಾರಾಟದ ಬಗ್ಗೆ ಮೌನವಾಗಿರುವ ಒಪ್ಪಂದ ಅರ್ಧ ರಕ್ಷಣೆಯನ್ನಷ್ಟೇ ಕೊಡುತ್ತದೆ.

ಪಾಲು ಎಷ್ಟಿರಬೇಕೆಂದು ಕಾನೂನು ಸಾಮಾನ್ಯವಾಗಿ ಹೇಳುವುದಿಲ್ಲ, ಮುಂಚಿತವಾಗಿ ತಿಳಿಸಬೇಕೆಂದು ಹೇಳುತ್ತದೆ. ಕ್ಯಾಲಿಫೋರ್ನಿಯಾ 1970ರಲ್ಲಿ ಈ ದಾರಿ ಹಿಡಿಯಿತು, ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1978ರಲ್ಲಿ ದೇಶಕ್ಕೆಲ್ಲ ಅನ್ವಯವಾಗುವ ನಿಯಮ ಮಾಡಿತು, 2007ರಲ್ಲಿ ಅದನ್ನು ತಿದ್ದಿತು. ಅದರಂತೆ ಸಹಿ ಹಾಕುವುದಕ್ಕೆ ಕನಿಷ್ಠ 14 ದಿನ ಮೊದಲು 23 ವಿಷಯಗಳ ವಿವರ ಪತ್ರ ಕೈಗೆ ಬರಬೇಕು. ಮಳಿಗೆಗಳ ಗಳಿಕೆಯನ್ನು ತಿಳಿಸುವ 19ನೇ ವಿಷಯ ಮಾತ್ರ ಮಾಲೀಕರ ಇಷ್ಟಕ್ಕೆ ಬಿಟ್ಟದ್ದು. ತಿಳಿಸಿದವರೂ ಹಲವೊಮ್ಮೆ ಒಟ್ಟು ಮಾರಾಟವನ್ನಷ್ಟೇ ಕೊಡುತ್ತಾರೆ. ಮಳಿಗೆದಾರರಿಗೆ ಉಳಿದದ್ದೆಷ್ಟು ಎಂಬುದು ಅದರಲ್ಲಿ ಕಾಣುವುದಿಲ್ಲ. ನಾನಾದರೆ ಮೊದಲು ನೋಡುವುದು 20ನೇ ವಿಷಯವನ್ನು. ಕಳೆದ ಮೂರು ವರ್ಷಗಳಲ್ಲಿ ಎಷ್ಟು ಮಳಿಗೆ ತೆರೆದವು, ಎಷ್ಟು ಮುಚ್ಚಿದವು, ಎಷ್ಟು ಕೈಬದಲಾದವು ಎಂಬ ಪಟ್ಟಿ ಅಲ್ಲಿರುತ್ತದೆ. ಒಟ್ಟು ಸಂಖ್ಯೆ ಏರುತ್ತಿದ್ದರೂ ಕೈಬದಲಾದವುಗಳ ಸಂಖ್ಯೆ ವರ್ಷವರ್ಷವೂ ದೊಡ್ಡದಾಗಿದ್ದರೆ, ನಷ್ಟದ ಮಳಿಗೆ ಮುಚ್ಚದೆ ಹೊಸ ಬಂಡವಾಳದೊಡನೆ ಇನ್ನೊಬ್ಬರ ಹೆಗಲಿಗೆ ಹೋಗುತ್ತಿರಬಹುದು, ರಾಯಲ್ಟಿ ಮಾತ್ರ ತಪ್ಪದೆ ಬರುತ್ತಿರಬಹುದು. ಕಳೆದ ವರ್ಷ ಬಿಟ್ಟುಹೋದವರ ಹೆಸರು ಮತ್ತು ಸಂಪರ್ಕದ ವಿವರವೂ ಅದರ ಜೊತೆಗಿರಬೇಕು. ಅವರಿಗೆ ಫೋನ್ ಮಾಡಿ, ಮಾರಾಟ ಎಷ್ಟಿತ್ತು ಎಂದು ಕೇಳುವುದಕ್ಕಿಂತ, ಎಲ್ಲ ಕಳೆದು ಸಾಲದ ಕಂತಿಗೆ ಎಷ್ಟು ಉಳಿಯುತ್ತಿತ್ತು ಎಂದು ಕೇಳಬೇಕು.