ಅಂಗಡಿ ಹೆಸರು ಟೈಟಲ್‌ನಲ್ಲಿ ಮೊದಲು ಬೇಡ ಸ್ವಾಮಿ

ಊರಿನ ವರ್ತಕರಿಗೆ ಯೂಟ್ಯೂಬ್ ಬಗ್ಗೆ ಒಂದು ಗಂಟೆ ಮಾತಾಡಿ ಅಂತ ಕರೆಯುತ್ತಾರೆ. ಕ್ಯಾಮೆರಾ, ಲೈಟು, ಎಡಿಟಿಂಗ್ ಎಲ್ಲ ಅವರೇ ಹೇಗೋ ಕಲಿತಿರುತ್ತಾರೆ. ಹಾಗಾಗಿ ನಾನು ಟೈಟಲ್ ಮತ್ತು ಡಿಸ್ಕ್ರಿಪ್ಷನ್ ಬಗ್ಗೆ ಮಾತ್ರ ಮಾತಾಡುತ್ತೇನೆ. ಅದರಲ್ಲೂ ಅರ್ಧ ಹೊತ್ತು ಒಂದೇ ಜಗಳಕ್ಕೆ ಹೋಗುತ್ತದೆ.

ಮೊನ್ನೆ ಒಬ್ಬ ಮಿಕ್ಸಿ ರಿಪೇರಿ ಅಂಗಡಿಯವರು ತಮ್ಮ ವಿಡಿಯೊ ತೋರಿಸಿದರು. ನಿಜಕ್ಕೂ ಒಳ್ಳೆಯ ವಿಡಿಯೊ. ಜಾರ್ ಕೆಳಗಡೆಯಿಂದ ಯಾಕೆ ಸೋರುತ್ತದೆ, ಸವೆದ ಬುಶ್ ಹೇಗೆ ತೆಗೆಯಬೇಕು, ಹೊಸದು ಹೇಗೆ ಕೂರಿಸಬೇಕು, ಎಲ್ಲ ಮೂರ್ನಾಲ್ಕು ನಿಮಿಷದಲ್ಲಿ ಅಚ್ಚುಕಟ್ಟಾಗಿ ಮಾಡಿ ತೋರಿಸಿದ್ದಾರೆ. ಟೈಟಲ್ ಮಾತ್ರ ಹೀಗಿತ್ತು: ಮೊದಲು ಅಂಗಡಿಯ ಉದ್ದನೆಯ ಹೆಸರು, ಆಮೇಲೆ ಊರು, ಆಮೇಲೆ ಮೊಬೈಲ್ ನಂಬರು, ಕೊನೆಗೆ ‘ಎಲ್ಲಾ ತರಹದ ಮಿಕ್ಸಿ, ಗ್ರೈಂಡರ್, ಕುಕ್ಕರ್ ರಿಪೇರಿ ಮಾಡಿಕೊಡಲಾಗುವುದು’. ಜಾರ್ ಅನ್ನೋ ಪದವೂ ಇಲ್ಲ, ಸೋರಿಕೆ ಅನ್ನೋದೂ ಇಲ್ಲ.

“ಸಾರ್, ಅಂಗಡಿ ಹೆಸರೇ ಬರಲ್ಲ ಅಂದ್ರೆ ನಾನು ವಿಡಿಯೊ ಯಾಕೆ ಮಾಡ್ಬೇಕು?” ಅಂತ ಅವರ ಪ್ರಶ್ನೆ. ಪ್ರತಿ ಸಲ ಯಾರಾದರೂ ಕೇಳಿಯೇ ಕೇಳುತ್ತಾರೆ. ಹೆಸರು ಬರುತ್ತದೆ ಸ್ವಾಮಿ. ನಿಮ್ಮ ಚಾನೆಲ್‌ಗೆ ಅಂಗಡಿ ಹೆಸರನ್ನೇ ಇಟ್ಟಿದ್ದೀರಲ್ಲ, ಅದು ಟೈಟಲ್ ಕೆಳಗೆ ತಾನಾಗಿಯೇ ಕಾಣುತ್ತದೆ. ನೀವು ಅದನ್ನೇ ಎರಡನೇ ಸಲ ಬರೆದು, ಮೊದಲು ಕಣ್ಣಿಗೆ ಬೀಳುವ ಜಾಗ ಕಳೆದುಕೊಳ್ಳುತ್ತಿದ್ದೀರಿ. ಟೈಟಲ್‌ಗೆ 100 ಅಕ್ಷರದ ಮಿತಿ ಇದೆ. ಫೋನಿನಲ್ಲಿ ಅಷ್ಟೂ ಕಾಣುವುದಿಲ್ಲ, ಬಾಲ ಕತ್ತರಿಸಿ ಚುಕ್ಕೆ ಹಾಕಿಬಿಡುತ್ತದೆ. ನಿಮ್ಮ ವಿಡಿಯೊದಲ್ಲಿ ಕತ್ತರಿಸಿ ಹೋದದ್ದು ರಿಪೇರಿ ಅನ್ನೋ ಪದವೇ.

ಇನ್ನೊಂದು ಮಾತು. ನಿಮ್ಮ ಹೆಸರು ಟೈಪ್ ಮಾಡಿ ಹುಡುಕುವವರಿಗೆ ನೀವು ಆಗಲೇ ಗೊತ್ತು. ಗೊತ್ತಿಲ್ಲದವರು ಹುಡುಕೋದು ತಮ್ಮ ತೊಂದರೆಯನ್ನು. ಜಾರ್ ಹಿಡಿದುಕೊಂಡು ಕೌಂಟರ್‌ಗೆ ಬಂದವರು ಮೊದಲು ಏನು ಹೇಳುತ್ತಾರೆ ಅಂತ ಅವರನ್ನೇ ಕೇಳಿದೆ. “ಜಾರ್ ಕೆಳಗಡೆ ಲೀಕ್ ಆಗ್ತಿದೆ ಅಂತಾರೆ” ಅಂದರು. ಅಷ್ಟೇ, ಅದೇ ಟೈಟಲ್!

ಆದರೆ ಜನ ಮಾತಾಡಿದ ಹಾಗೇ ಟೈಪ್ ಮಾಡಲ್ಲ ಅಲ್ವಾ. ಅಲ್ಲೇ ಫೋನಿನಲ್ಲಿ ಇನ್‌ಕಾಗ್ನಿಟೊ ಮೋಡ್ ಹಾಕಿಸಿ, ಹುಡುಕುವ ಜಾಗದಲ್ಲಿ mixie jar ಅಂತ ಬರೆದು ನಿಲ್ಲಿಸಿ ಅಂದೆ. ಕೆಳಗೆ ಬರುವ ಸಲಹೆಗಳನ್ನು ನೋಡಬೇಕು. ಅವು ಜನ ಹುಡುಕಿದ್ದರಿಂದ ಬಂದ ಪದಗಳು. ಕನ್ನಡದವರು ಎಷ್ಟೋ ಸಲ ಇಂಗ್ಲಿಷ್ ಅಕ್ಷರದಲ್ಲೇ ಬರೆಯುತ್ತಾರೆ. ಅದಕ್ಕೇ ಎರಡನ್ನೂ ಸೇರಿಸಿದೆವು:

```
ಮಿಕ್ಸಿ ಜಾರ್ ಕೆಳಗಡೆ ಲೀಕ್ ಆಗ್ತಿದ್ಯಾ? ಬುಶ್ ಬದಲಾಯಿಸೋದು ಹೀಗೆ | Mixie jar leak repair
```

ಡಿಸ್ಕ್ರಿಪ್ಷನ್‌ನಲ್ಲೂ ಇದೇ ಕಥೆ. ಒಂದೆರಡು ಸಾಲು ಬಿಟ್ಟು ಉಳಿದದ್ದು ಮಡಚಿಕೊಂಡಿರುತ್ತದೆ, ಒತ್ತಿದರೆ ಮಾತ್ರ ಬಿಚ್ಚುತ್ತದೆ. ಆ ಎರಡು ಸಾಲಿನಲ್ಲಿ ‘ಲೈಕ್ ಮಾಡಿ, ಶೇರ್ ಮಾಡಿ, ಗಂಟೆ ಒತ್ತಿ’ ಅಂತ ಬರೆದಿದ್ದರು. ಅದನ್ನು ತೆಗೆಸಿದೆ. ಈಗ ಹೀಗಿದೆ: ‘ಬ್ಲೇಡ್ ಹಿಡಿದು ಅಲ್ಲಾಡಿಸಿದರೆ ಆಡುತ್ತಿದೆಯಾ? ಜಾರ್ ಅಡಿಯಲ್ಲಿ ಕಪ್ಪು ನೀರು ಇಳಿಯುತ್ತಿದೆಯಾ? ಬುಶ್ ಸವೆದಿರಬಹುದು. ಮನೆಯಲ್ಲೇ ನೋಡಿಕೊಳ್ಳುವುದು ಹೇಗೆ ಅಂತ ತೋರಿಸಿದ್ದೇವೆ.’ ಅಂಗಡಿ ಹೆಸರು, ವಿಳಾಸ, ನಂಬರು, ಯಾವತ್ತು ರಜೆ ಅನ್ನೋದೆಲ್ಲ ಅದರ ಕೆಳಗೆ. 5000 ಅಕ್ಷರ ಜಾಗ ಇದೆ, ಧಾರಾಳವಾಗಿ ಬರೆಯಿರಿ. ಹ್ಯಾಶ್‌ಟ್ಯಾಗ್ ಎರಡು ಮೂರು ಸಾಕು. 60 ದಾಟಿದರೆ ಯೂಟ್ಯೂಬ್ ಒಂದನ್ನೂ ಲೆಕ್ಕಕ್ಕೆ ತಗೊಳ್ಳಲ್ಲ.

ಇಷ್ಟು ಮಾಡಿದರೆ ವ್ಯೂಸ್ ಬಂದೇ ಬರುತ್ತದೆ ಅಂತ ನಾನು ಮಾತು ಕೊಡಲ್ಲ. ಟೈಟಲ್ ಜನರನ್ನು ಕರೆದು ತರಬಹುದು, ಅಷ್ಟೇ. ಬಂದವರಿಗೆ ಮೊದಲ ಅರ್ಧ ನಿಮಿಷ ಬರೀ ತಿರುಗುವ ಲೋಗೊ ತೋರಿಸಿದರೆ ಎದ್ದು ಹೋಗುತ್ತಾರೆ. ‘ಊರಿನಲ್ಲಿ ಮಿಕ್ಸಿ ರಿಪೇರಿ ಅಂಗಡಿ ಎಲ್ಲಿದೆ’ ಅಂತ ಹುಡುಕುವವರು ಹೆಚ್ಚಾಗಿ ಗೂಗಲ್ ಮ್ಯಾಪ್‌ಗೆ ಹೋಗುತ್ತಾರೆ. ಅದಕ್ಕೆ ಅಲ್ಲಿ ಬೇರೆಯಾಗಿ ಅಂಗಡಿ ಸೇರಿಸಬೇಕು.

ಫಲ ಸಿಕ್ಕಿತಾ ಅಂತ ನೋಡಲು ಕೆಲವು ವಾರ ಬಿಡಿ. ಆಮೇಲೆ ಯೂಟ್ಯೂಬ್ ಸ್ಟುಡಿಯೊ ತೆರೆದು, ಅನಲಿಟಿಕ್ಸ್‌ನಲ್ಲಿ ಜನ ಎಲ್ಲಿಂದ ಬಂದರು ಅನ್ನೋ ಕಡೆ YouTube search ಒತ್ತಿ. ಏನು ಹುಡುಕಿ ಬಂದರು ಅನ್ನೋದು ಅಲ್ಲಿರುತ್ತದೆ. ಪಟ್ಟಿಯಲ್ಲಿ ಬರೀ ಅಂಗಡಿ ಹೆಸರಿದ್ದರೆ ನಿಮ್ಮ ನೆಂಟರು, ಹಳೇ ಗಿರಾಕಿಗಳು ನೋಡುತ್ತಿದ್ದಾರೆ ಅಂತ ಅರ್ಥ. ‘ಲೀಕ್’ ಅನ್ನೋದು ಕಂಡರೆ ಹೊಸಬರು ಬರುತ್ತಿದ್ದಾರೆ.

ಅಂಗಡಿಯವರು ಕೊನೆಗೆ ಒಪ್ಪಿದರು. ಡಿಸ್ಕ್ರಿಪ್ಷನ್‌ನ ಐದನೇ ಸಾಲಿನಲ್ಲಿ ‘ಪ್ರೊಪ್ರೈಟರ್’ ಅಂತ ತಮ್ಮ ಹೆಸರು, ಅದರ ಪಕ್ಕ ಮಗನ ಹೆಸರು ಹಾಕಿಕೊಂಡರು. ಅಲ್ಲಿ ಹಾಕಿಕೊಳ್ಳಲಿ ಬಿಡಿ, ನನ್ನದೇನೂ ತಕರಾರಿಲ್ಲ.