‘ಎಲ್ಲವೂ ಅನುಪಾತದಲ್ಲಿ’ ಎಂಬ ಒಂದು ಸಾಲಿನ ಪತ್ರ

ಮಗು ಹುಟ್ಟಿದ ಮೇಲೆ, ಅಥವಾ ಮನೆಯ ಹಿರಿಯರ ಆರೈಕೆಗೆಂದು ಒಂದೆರಡು ವರ್ಷ ಕೆಲಸದಿಂದ ದೂರವಿದ್ದು ಅರೆಕಾಲಿಕವಾಗಿ ಮರಳುವವರ ಪತ್ರಗಳನ್ನು ಪರಿಶೀಲಿಸಿಕೊಡುವುದು ನನ್ನ ವೃತ್ತಿಯ ಒಂದು ಭಾಗ. ಅವರಲ್ಲಿ ಹೆಚ್ಚಿನವರು ಸಂಬಳ ಶೇ. 60 ಆಗಬೇಕೋ 65 ಆಗಬೇಕೋ ಎಂದು ವಾರಗಟ್ಟಲೆ ಮಾತನಾಡಿರುತ್ತಾರೆ. ಬಳಿಕ ‘ಉಳಿದ ಎಲ್ಲ ಸೌಲಭ್ಯಗಳೂ ಅನುಪಾತಕ್ಕೆ ತಕ್ಕಂತೆ’ ಎಂಬ ಒಂದೇ ಸಾಲಿರುವ ಪತ್ರಕ್ಕೆ ಒಂದು ನಿಮಿಷದಲ್ಲಿ ಸಹಿ ಹಾಕುತ್ತಾರೆ. ಸಹಿ ಹಾಕಿದ ಮೇಲೆ ನನ್ನ ಬಳಿ ಬರುತ್ತಾರೆ ಎಂಬುದು ನನಗೆ ನಿಜಕ್ಕೂ ಬೇಸರ ತರುವ ಸಂಗತಿ, ಏಕೆಂದರೆ ಆ ಒಂದು ಸಾಲಿನಿಂದ ಆಗುವ ನಷ್ಟ ಐದು ಶೇಕಡಾ ಸಂಬಳಕ್ಕಿಂತ ದೊಡ್ಡದಾಗಿರಬಹುದು.

ಎಲ್ಲವೂ ಒಂದೇ ಅನುಪಾತದಲ್ಲಿ ಇಳಿಯುವುದಿಲ್ಲ. ಸಂಬಳ ಗಂಟೆಗಳಿಗೆ ತಕ್ಕಂತೆ ಇಳಿಯುತ್ತದೆ. ಗುಂಪು ಆರೋಗ್ಯ ವಿಮೆ ಸಾಮಾನ್ಯವಾಗಿ ಅರ್ಧ ಆಗುವುದಿಲ್ಲ. ಇದ್ದರೆ ಪೂರ್ತಿ ಇರುತ್ತದೆ, ಅರೆಕಾಲಿಕರು ಪಾಲಿಸಿಯ ವ್ಯಾಖ್ಯೆಯೊಳಗೆ ಬರದಿದ್ದರೆ ಪೂರ್ತಿ ಹೋಗುತ್ತದೆ. ಭವಿಷ್ಯ ನಿಧಿಗೆ ನಿಮ್ಮ ಸಂಸ್ಥೆ 15,000 ರೂಪಾಯಿಯ ಮಿತಿಯ ಮೇಲೆ ಮಾತ್ರ ಶೇ. 12 ಕಟ್ಟುತ್ತಿದ್ದು, ಇಳಿದ ವೇತನವೂ ಆ ಮಿತಿಗಿಂತ ಮೇಲಿದ್ದರೆ ಏನೂ ಬದಲಾಗುವುದಿಲ್ಲ. ಪೂರ್ಣ ಮೂಲವೇತನದ ಮೇಲೆ ಕಟ್ಟುತ್ತಿದ್ದರೆ ಇಳಿಯುತ್ತದೆ. ಇವೆಲ್ಲ ಕೇಳಿ ತಿಳಿದುಕೊಳ್ಳಬಹುದಾದ ವಿಷಯಗಳು.

ರಜೆಯ ವಿಷಯದಲ್ಲಿ ಒಂದು ತಪ್ಪು ಪದೇಪದೇ ಕಾಣುತ್ತದೆ. ಪೂರ್ಣಕಾಲಿಕರಿಗೆ ವರ್ಷಕ್ಕೆ 20 ದಿನ ಗಳಿಕೆ ರಜೆ ಇದೆ ಎಂದುಕೊಳ್ಳೋಣ. ವಾರಕ್ಕೆ ಮೂರು ಪೂರ್ಣ ದಿನ ಕೆಲಸ ಮಾಡುವವರಿಗೆ ಶೇ. 60ರ ಲೆಕ್ಕದಲ್ಲಿ 12 ದಿನ ಸರಿ. ಅದು ನಾಲ್ಕು ವಾರಗಳ ಬಿಡುವು, ಪೂರ್ಣಕಾಲಿಕರಿಗೆ ಸಿಗುವಷ್ಟೇ. ಆದರೆ ಅದೇ ಗಂಟೆಗಳನ್ನು ಐದೂ ದಿನಕ್ಕೆ ಹಂಚಿಕೊಂಡು ದಿನವೂ ಮಧ್ಯಾಹ್ನ ಮಗುವನ್ನು ಶಾಲೆಯಿಂದ ಕರೆತರಲು ಹೊರಡುವವರಿಗೂ 12 ದಿನವೇ ಎಂದರೆ ಅವರಿಗೆ ಎರಡೂವರೆ ವಾರವೂ ಸಿಗುವುದಿಲ್ಲ. ಅವರ ಒಂದು ದಿನವೇ ಆಗಲೇ ಚಿಕ್ಕದಾಗಿದೆ, ಆ ದಿನದ ಸಂಬಳವೂ ಚಿಕ್ಕದಾಗಿದೆ. ದಿನಗಳ ಸಂಖ್ಯೆಯನ್ನೂ ಕಡಿತ ಮಾಡಿದರೆ ಒಂದೇ ಕಡಿತವನ್ನು ಎರಡು ಬಾರಿ ಮಾಡಿದಂತೆ. ಪತ್ರದಲ್ಲಿ ರಜೆಯನ್ನು ಗಂಟೆಗಳಲ್ಲಿ ಬರೆಸಿಕೊಂಡರೆ ಈ ಗೊಂದಲವೇ ಇರುವುದಿಲ್ಲ.

ನಾನು ಹೇಳಲೇಬೇಕಾದದ್ದು ಗ್ರಾಚ್ಯುಟಿಯ ಬಗ್ಗೆ. ಎಷ್ಟು ಬಾರಿ ಹೇಳಿದರೂ ಇದು ಮನಸ್ಸಿನಲ್ಲಿ ನಿಲ್ಲುವುದಿಲ್ಲವಾದ್ದರಿಂದ ನಿಧಾನವಾಗಿ ಬಿಡಿಸಿ ಹೇಳುತ್ತೇನೆ. ಗ್ರಾಚ್ಯುಟಿ ಎಂಬುದು ವರ್ಷ ವರ್ಷವೂ ಆಯಾ ವರ್ಷದ ಸಂಬಳದ ಮೇಲೆ ನಿಮ್ಮ ಹೆಸರಿನಲ್ಲಿ ಕೂಡುತ್ತಾ ಹೋಗುವ ಮೊತ್ತವಲ್ಲ. ಭವಿಷ್ಯ ನಿಧಿಯಲ್ಲಿ ಒಮ್ಮೆ ಕಟ್ಟಿದ ಹಣ ನಿಮ್ಮ ಖಾತೆಯಲ್ಲಿ ಉಳಿಯುತ್ತದೆ. ಮುಂದೆ ಸಂಬಳ ಇಳಿದರೂ ಹಿಂದಿನದಕ್ಕೆ ಧಕ್ಕೆಯಿಲ್ಲ. ಗ್ರಾಚ್ಯುಟಿ ಹಾಗಲ್ಲ. ಕೆಲಸ ಬಿಡುವ ದಿನದಂದು ನೀವು ಪಡೆಯುತ್ತಿದ್ದ ಕೊನೆಯ ವೇತನವನ್ನು ಹಿಡಿದು, ಅದನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಒಟ್ಟು ಸೇವಾವರ್ಷಗಳಿಂದ ಗುಣಿಸುತ್ತಾರೆ. 1972ರ ಗ್ರಾಚ್ಯುಟಿ ಪಾವತಿ ಕಾಯ್ದೆಯಲ್ಲಿದ್ದ ಈ ಸೂತ್ರವೇ ಈಗಿನ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಮುಂದುವರಿದಿದೆ. ಅಂದರೆ ಕೊನೆಯ ವೇತನ ಇಳಿದಿದ್ದರೆ, ನೀವು ಪೂರ್ಣಕಾಲ ದುಡಿದ ಹಿಂದಿನ ಎಲ್ಲ ವರ್ಷಗಳ ಬೆಲೆಯೂ ಇಳಿಯುತ್ತದೆ.

ಇತ್ತೀಚೆಗೆ ಬೆಂಗಳೂರಿನ ಒಬ್ಬ ಹೆಣ್ಣುಮಗಳು ತಂದ ಲೆಕ್ಕವನ್ನು, ಗುರುತು ಸಿಗದಂತೆ ಅಂಕಿಗಳನ್ನು ಸರಳಗೊಳಿಸಿ ಇಲ್ಲಿ ಕೊಡುತ್ತೇನೆ. ಒಂದೇ ಸಂಸ್ಥೆಯಲ್ಲಿ ಹತ್ತು ವರ್ಷದ ಸೇವೆ, ಅದರಲ್ಲಿ ಕೊನೆಯ ವರ್ಷ ಸಂಸ್ಥೆಯೇ ಮಂಜೂರು ಮಾಡಿದ ಸಂಬಳರಹಿತ ರಜೆ. ಗ್ರಾಚ್ಯುಟಿಗೆ ಲೆಕ್ಕ ಬರುವ ವೇತನ ತಿಂಗಳಿಗೆ 60,000 ರೂಪಾಯಿ. ಅಂದೇ ರಾಜೀನಾಮೆ ಕೊಟ್ಟಿದ್ದರೆ ಆಕೆಗೆ 3,46,154 ರೂಪಾಯಿ ಬರುತ್ತಿತ್ತು. ಆಕೆ ರಾಜೀನಾಮೆ ಕೊಡದೆ, ವಾರಕ್ಕೆ ಮೂರು ದಿನದ ಕೆಲಸಕ್ಕೆ ಮರಳಿದರು; ವೇತನ 36,000 ಆಯಿತು. ಎರಡು ವರ್ಷ ಹಾಗೆ ದುಡಿದು ಕೆಲಸ ಬಿಟ್ಟಾಗ ಸಂಸ್ಥೆ ಕೊನೆಯ ವೇತನದ ಮೇಲೆ ಹನ್ನೆರಡು ವರ್ಷಕ್ಕೆ ಲೆಕ್ಕ ಹಾಕಿ 2,49,231 ರೂಪಾಯಿ ಕೊಟ್ಟಿತು. ಎರಡು ವರ್ಷ ಹೆಚ್ಚು ದುಡಿದದ್ದಕ್ಕೆ ಮೊತ್ತ ಸುಮಾರು 97,000 ರೂಪಾಯಿ ಕಡಿಮೆಯಾಗಿತ್ತು. ‘ಇದು ತಪ್ಪು ಲೆಕ್ಕವಲ್ಲವೇ ಸರ್?’ ಎಂದು ಆಕೆ ಕೇಳಿದರು. ಸೂತ್ರದ ಪ್ರಕಾರ ತಪ್ಪಿರಲಿಲ್ಲ. ಅದನ್ನು ಹೇಳುವುದು ನನಗೆ ಸುಲಭವಾಗಿರಲಿಲ್ಲ. ಸಂಸ್ಥೆಯನ್ನು ಬಿಡಬಾರದೆಂಬ ಪ್ರೀತಿಯಿಂದಲೇ ಆಕೆ ಮರಳಿದ್ದರು.

ಕಾನೂನಿಗೆ ಈ ಅನ್ಯಾಯದ ಅರಿವಿಲ್ಲವೆಂದಲ್ಲ. ಅಂಗವೈಕಲ್ಯ ಉಂಟಾದ ಬಳಿಕ ಕಡಿಮೆ ವೇತನದಲ್ಲಿ ಮುಂದುವರಿಯುವ ನೌಕರರಿಗೆ ಅದು ಎರಡು ಕಾಲಾವಧಿಯ ಲೆಕ್ಕವನ್ನು ವಿಧಿಸುತ್ತದೆ: ಮೊದಲಿನ ವರ್ಷಗಳಿಗೆ ಮೊದಲಿನ ವೇತನ, ನಂತರದ ವರ್ಷಗಳಿಗೆ ಇಳಿದ ವೇತನ. ಮಗುವಿನ ಅಥವಾ ಹಿರಿಯರ ಆರೈಕೆಗಾಗಿ ಗಂಟೆ ಕಡಿಮೆ ಮಾಡಿಕೊಂಡವರಿಗೆ ಅಂಥ ನಿಯಮವಿಲ್ಲ. ಆದರೆ ಕನಿಷ್ಠಕ್ಕಿಂತ ಉತ್ತಮವಾದ ಗ್ರಾಚ್ಯುಟಿಯನ್ನು ಒಪ್ಪಂದದ ಮೂಲಕ ಕೊಡಲು ಕಾನೂನಿನ ಅಡ್ಡಿಯಿಲ್ಲ. ಹಾಗಾಗಿ ಮರಳುವಾಗಿನ ಪತ್ರದಲ್ಲೇ ಈ ಎರಡು ಅವಧಿಯ ಲೆಕ್ಕವನ್ನು ಬರೆಸಿಕೊಳ್ಳಬೇಕು. ಮೇಲಿನ ಪ್ರಕರಣದಲ್ಲಿ ಹಾಗೆ ಬರೆಸಿದ್ದರೆ ಹತ್ತು ವರ್ಷಕ್ಕೆ 3,46,154, ಎರಡು ವರ್ಷಕ್ಕೆ 41,538, ಒಟ್ಟು 3,87,692 ರೂಪಾಯಿ ಆಗುತ್ತಿತ್ತು. ಕಾನೂನಿನ ಸೂತ್ರಕ್ಕಿಂತ ಹೆಚ್ಚಾಗಿ ಬರುವ ಭಾಗದ ಮೇಲೆ ಆದಾಯ ತೆರಿಗೆ ಬೀಳುವ ಸಾಧ್ಯತೆ ಇರುವುದರಿಂದ ಅದನ್ನು ನಿಮ್ಮ ತೆರಿಗೆ ಸಲಹೆಗಾರರಲ್ಲಿ ವಿಚಾರಿಸಿಕೊಳ್ಳುವುದು ಒಳಿತು.

ಸಂಸ್ಥೆ ಇದಕ್ಕೆ ಒಪ್ಪದಿದ್ದರೆ ಇನ್ನೊಂದು ದಾರಿಯುಂಟು. ಗ್ರಾಚ್ಯುಟಿಗೆ ಬೇಕಾದ ಐದು ವರ್ಷದ ಸೇವೆ ಮುಗಿದಿದ್ದರೆ ರಾಜೀನಾಮೆ ಕೊಟ್ಟು, ಪೂರ್ಣ ವೇತನದ ಮೇಲೆ ಗ್ರಾಚ್ಯುಟಿ ಪಡೆದು, ಹೊಸ ನೇಮಕಾತಿಯಾಗಿ ಸೇರುವುದು. ಇದನ್ನು ನಾನು ಎಲ್ಲರಿಗೂ ಹೇಳುವುದಿಲ್ಲ, ಏಕೆಂದರೆ ಹೊಸ ಕಾಯಂ ನೇಮಕಾತಿಯಲ್ಲಿ ಐದು ವರ್ಷದ ಲೆಕ್ಕ ಮೊದಲಿನಿಂದ ಶುರುವಾಗುತ್ತದೆ, ಹಿರಿತನ ಹೋಗುತ್ತದೆ. ಎರಡನೆಯ ಮಗುವಿನ ಯೋಚನೆ ಇರುವವರು ಇನ್ನೂ ಎಚ್ಚರವಹಿಸಬೇಕು: ಹೆರಿಗೆ ಸೌಲಭ್ಯಕ್ಕೆ ನಿರೀಕ್ಷಿತ ಹೆರಿಗೆಯ ಹಿಂದಿನ ಹನ್ನೆರಡು ತಿಂಗಳಲ್ಲಿ ಆ ಸಂಸ್ಥೆಯಲ್ಲಿ 80 ದಿನ ಕೆಲಸ ಮಾಡಿರಬೇಕು, ವಾರಕ್ಕೆ ಮೂರು ದಿನದಂತೆ ಅದನ್ನು ತುಂಬಿಸಲು ಆರು ತಿಂಗಳು ದಾಟುತ್ತದೆ.

ಇನ್ನು ಕೆಲವರಿಗೆ ಈ ಸೂತ್ರ ಅನುಕೂಲವಾಗಿಯೂ ತಿರುಗುತ್ತದೆ. ಅದೇ ಹೆಣ್ಣುಮಗಳು ಅರೆಕಾಲಿಕದಿಂದ ಪೂರ್ಣಕಾಲಕ್ಕೆ ಮರಳಿ, ಮತ್ತೆ 60,000 ವೇತನ ಪಡೆಯುತ್ತಿರುವಾಗ ಬಿಟ್ಟಿದ್ದರೆ, ಅರೆಕಾಲಿಕ ವರ್ಷಗಳೂ ಪೂರ್ಣ ವೇತನದಲ್ಲೇ ಎಣಿಕೆಯಾಗಿ ಹನ್ನೆರಡು ವರ್ಷಕ್ಕೆ 4,15,385 ರೂಪಾಯಿ ಬರುತ್ತಿತ್ತು. ಹೀಗಾಗಿ ಬಿಡುವ ಯೋಚನೆ ಇದ್ದರೆ ಯಾವಾಗ ಬಿಡುತ್ತೀರಿ ಎಂಬುದೂ ಮುಖ್ಯ. ಆದರೆ ರಾಜೀನಾಮೆಗೆ ಮೊದಲ ತಿಂಗಳಷ್ಟೇ ಪೂರ್ಣಕಾಲಕ್ಕೆ ಬದಲಾಯಿಸಿಕೊಂಡರೆ ಸಂಸ್ಥೆ ಪ್ರಶ್ನೆ ಎತ್ತುವುದು ಖಂಡಿತ.

ಪತ್ರಕ್ಕೆ ಸಹಿ ಹಾಕುವ ಮೊದಲು ಮಾನವ ಸಂಪನ್ಮೂಲ ವಿಭಾಗಕ್ಕೆ ಒಂದು ಇಮೇಲ್ ಕಳಿಸಿ, ‘ಇಂದು ನಾನು ಬಿಟ್ಟರೆ ಗ್ರಾಚ್ಯುಟಿ ಎಷ್ಟು, ಇಳಿದ ವೇತನದಲ್ಲಿ ಒಂದು ವರ್ಷ ದುಡಿದು ಬಿಟ್ಟರೆ ಎಷ್ಟು’ ಎಂದು ಎರಡು ಅಂಕಿಗಳನ್ನು ಲಿಖಿತವಾಗಿ ಕೇಳಿ. ಬರುವ ಎರಡನೆಯ ಅಂಕಿ ಮೊದಲಿನದಕ್ಕಿಂತ ಚಿಕ್ಕದಾಗಿದ್ದರೆ, ಎರಡು ಅವಧಿಯ ಲೆಕ್ಕದ ವಾಕ್ಯ ಸೇರುವವರೆಗೆ ಸಹಿಯನ್ನು ತಡೆಹಿಡಿಯಿರಿ.