ಟೋಟಲ್ ರಿಟರ್ನ್ ಎಂದರೇನು? ಬೆಲೆ ಏರದ ಷೇರು ಹತ್ತು ವರ್ಷದಲ್ಲಿ 72 ಪರ್ಸೆಂಟ್ ಕೊಟ್ಟ ಲೆಕ್ಕ

ಹತ್ತು ವರ್ಷದ ಹಿಂದೆ ಒಂದು ಷೇರಿನ ಬೆಲೆ 100 ಇತ್ತು. ಇವತ್ತೂ 100 ಇದೆ. ಇದು ಏನು ಕೊಟ್ಟಿತು ಎಂದು ಕೇಳಿದರೆ, ಚಾರ್ಟ್ ನೋಡಿದವರು ಸೊನ್ನೆ ಅನ್ನುತ್ತಾರೆ. ಅದೇ ಷೇರನ್ನು ಹತ್ತು ವರ್ಷ ಇಟ್ಟುಕೊಂಡು, ಬಂದ ಡಿವಿಡೆಂಡಿನಿಂದ ಮತ್ತೆ ಅದೇ ಷೇರು ಕೊಂಡವರು 72 ಪರ್ಸೆಂಟ್ ಅನ್ನಬಹುದು. ಇಬ್ಬರ ಮಾತೂ ನಿಜ. ಮೊದಲನೆಯವರು ಹೇಳಿದ್ದು ಪ್ರೈಸ್ ರಿಟರ್ನ್. ಎರಡನೆಯವರು ಹೇಳಿದ್ದು ಟೋಟಲ್ ರಿಟರ್ನ್.

ಪ್ರೈಸ್ ರಿಟರ್ನ್ ಎಂದರೆ ಬೆಲೆಯಲ್ಲಿ ಆದ ಬದಲಾವಣೆ ಮಾತ್ರ. ಟೋಟಲ್ ರಿಟರ್ನ್ ಎಂದರೆ ಬೆಲೆಯ ಬದಲಾವಣೆಯ ಜೊತೆಗೆ ಡಿವಿಡೆಂಡ್, ಅಂದರೆ ಕಂಪನಿ ತನ್ನ ಲಾಭದಲ್ಲಿ ಷೇರುದಾರರಿಗೆ ಹಂಚಿದ ಪಾಲು. ಸಾಮಾನ್ಯವಾಗಿ ಈ ಹೆಸರು ಬಳಸುವಾಗ ಇನ್ನೊಂದು ಷರತ್ತೂ ಒಳಗೇ ಇರುತ್ತದೆ. ಬಂದ ಡಿವಿಡೆಂಡನ್ನು ಖರ್ಚು ಮಾಡದೆ, ಅವತ್ತಿನ ಬೆಲೆಗೆ ಅದೇ ಷೇರನ್ನು ಮತ್ತೆ ಕೊಂಡಿದ್ದೇವೆ ಎಂದು ಲೆಕ್ಕ ಹಿಡಿಯುತ್ತಾರೆ.

ಡಿವಿಡೆಂಡನ್ನು ಬಿಟ್ಟು ಲೆಕ್ಕ ಹಾಕಿದರೆ ಬರೀ ಒಂದು ಆದಾಯ ಕೈಬಿಟ್ಟ ಹಾಗೆ ಆಗುತ್ತದೆ ಎಂದು ತುಂಬಾ ಜನ ಅಂದುಕೊಳ್ಳುತ್ತಾರೆ. ಆಗುವ ತಪ್ಪು ಅದಕ್ಕಿಂತ ದೊಡ್ಡದು. ಡಿವಿಡೆಂಡ್ ಪಡೆಯಲು ಯಾವ ದಿನದೊಳಗೆ ಷೇರು ಕೊಂಡಿರಬೇಕು ಎಂಬುದಕ್ಕೆ ಒಂದು ಗಡಿ ಇರುತ್ತದೆ. ಆ ಗಡಿ ದಾಟಿದ ಮೊದಲ ದಿನವನ್ನು ಎಕ್ಸ್-ಡಿವಿಡೆಂಡ್ ದಿನ ಅನ್ನುತ್ತಾರೆ. ಅವತ್ತು ಕೊಂಡವರಿಗೆ ಆ ಸಲದ ಡಿವಿಡೆಂಡ್ ಸಿಗುವುದಿಲ್ಲ. ಹಾಗಾಗಿ ಅವರು ಅಷ್ಟು ಕಡಿಮೆ ಬೆಲೆಯನ್ನೇ ಕೊಡುತ್ತಾರೆ. ಹಿಂದಿನ ದಿನ 84 ಇದ್ದ ಷೇರು 4 ಡಿವಿಡೆಂಡ್ ಕೊಡುವುದಾದರೆ, ಬೇರೆ ಸುದ್ದಿ ಏನೂ ಇಲ್ಲದಿದ್ದರೆ, ಎಕ್ಸ್ ದಿನ ಸುಮಾರು 80ಕ್ಕೆ ಬರುತ್ತದೆ. ಇಟ್ಟುಕೊಂಡವರಿಗೆ ಇದರಿಂದ ನಷ್ಟ ಇಲ್ಲ. 80ರ ಷೇರು ಇದೆ, 4 ದುಡ್ಡು ಬರಲಿದೆ. ಆದರೆ ಬೆಲೆಯ ಚಾರ್ಟಿನಲ್ಲಿ ಅದು 4ರ ಕುಸಿತವಾಗಿಯೇ ಕಾಣುತ್ತದೆ. ಕಂಪನಿಯಿಂದ ನಿಮ್ಮ ಕೈಗೆ ಬಂದ ದುಡ್ಡನ್ನು ಪ್ರೈಸ್ ರಿಟರ್ನ್ ಕಳೆದುಹೋದ ದುಡ್ಡು ಎಂದೇ ಬರೆದುಕೊಳ್ಳುತ್ತದೆ. ಪ್ರತಿ ವರ್ಷ, ಹತ್ತು ಸಲ.

ಈಗ ಆ ಹತ್ತು ವರ್ಷವನ್ನು ಒಂದೊಂದಾಗಿ ನೋಡೋಣ. ಇದು ನಾನು ಕಟ್ಟಿದ ಉದಾಹರಣೆ. ಅಂಕಿಗಳನ್ನು ಯಾವ ದೇಶದ ದುಡ್ಡು ಎಂದುಕೊಂಡರೂ ಲೆಕ್ಕ ಬದಲಾಗುವುದಿಲ್ಲ. 100ರ ಬೆಲೆಗೆ 100 ಷೇರು ಕೊಂಡಿದ್ದೇವೆ, ಹಾಕಿದ ದುಡ್ಡು 10,000. ಪ್ರತಿ ವರ್ಷದ ಕೊನೆಗೆ ಒಂದು ಷೇರಿಗೆ 4 ಡಿವಿಡೆಂಡ್ ಬರುತ್ತದೆ. ಬೆಲೆ ಮಾತ್ರ ಒಂದೇ ಕಡೆ ನಿಲ್ಲುವುದಿಲ್ಲ. ಮೊದಲ ಎರಡು ವರ್ಷದ ಕೊನೆಗೆ 80, ಮೂರರಿಂದ ಐದನೇ ವರ್ಷದವರೆಗೆ 50, ಆರು ಮತ್ತು ಏಳನೇ ವರ್ಷ ಮತ್ತೆ 80, ಕೊನೆಯ ಮೂರು ವರ್ಷ 100.

ಮೊದಲ ವರ್ಷ 100 ಷೇರಿಗೆ 400 ಬಂತು. ಬೆಲೆ 80, ಹಾಗಾಗಿ 5 ಷೇರು ಕೊಂಡೆವು. ಈಗ 105 ಷೇರು. ಎರಡನೇ ವರ್ಷ 420 ಬಂತು, 5.25 ಷೇರು ಸೇರಿತು, 110.25 ಆಯಿತು. ಮೂರನೇ ವರ್ಷ ಬೆಲೆ 50ಕ್ಕೆ ಕುಸಿದಿದೆ. ಚಾರ್ಟ್ ನೋಡಿದವರಿಗೆ ಇದು ಅರ್ಧಕ್ಕರ್ಧ ನಷ್ಟ. ಆದರೆ ಕೈಗೆ ಬಂದ 441ಕ್ಕೆ ಈ ಸಲ 8.82 ಷೇರು ಸಿಕ್ಕಿತು. ನಾಲ್ಕನೇ ವರ್ಷ ಒಂಬತ್ತೂವರೆ ಷೇರು, ಐದನೇ ವರ್ಷ ಹತ್ತಕ್ಕಿಂತ ಜಾಸ್ತಿ. ಐದು ವರ್ಷ ಮುಗಿದಾಗ ನಮ್ಮ ಹತ್ತಿರ 138.88 ಷೇರು ಇದೆ. ಹತ್ತನೇ ವರ್ಷ ಮುಗಿದಾಗ 172.24. ಬೆಲೆ 100ಕ್ಕೆ ವಾಪಸ್ ಬಂದಿರುವುದರಿಂದ ಒಟ್ಟು ಮೌಲ್ಯ 17,224.

ಪ್ರತಿ ಸಲ ಷೇರುಗಳ ಸಂಖ್ಯೆ ಎಷ್ಟು ಪಟ್ಟು ಆಗುತ್ತದೆ ಎಂಬುದಕ್ಕೆ ಸೂತ್ರ ಇಷ್ಟೇ, D ಡಿವಿಡೆಂಡ್, P ಎಕ್ಸ್ ದಿನದ ಬೆಲೆ:

```
1 + D/P
```

80ರ ಬೆಲೆಗೆ 1.05, 50ಕ್ಕೆ 1.08, 100ಕ್ಕೆ 1.04. ಹತ್ತು ವರ್ಷದ ಹತ್ತು ಅಂಕಿಗಳನ್ನು ಒಂದಕ್ಕೊಂದು ಗುಣಿಸಿದರೆ 1.7224 ಬರುತ್ತದೆ. ವರ್ಷಕ್ಕೆ ಎಷ್ಟಾಯಿತು ಎಂದು ತಿಳಿಯಲು 72ನ್ನು ಹತ್ತರಿಂದ ಭಾಗಿಸಬಾರದು, ಏಕೆಂದರೆ ಇದು ಚಕ್ರಬಡ್ಡಿಯ ಹಾಗೆ ಬೆಳೆದದ್ದು. ಹತ್ತನೇ ಮೂಲ ತೆಗೆದರೆ ವರ್ಷಕ್ಕೆ ಸುಮಾರು 5.6 ಪರ್ಸೆಂಟ್.

ನನಗೆ ಈ ಲೆಕ್ಕದಲ್ಲಿ ತುಂಬಾ ಇಷ್ಟವಾಗುವುದು ಮುಂದಿನ ಭಾಗ. ಲಾಭ 7,224 ಎಲ್ಲಿಂದ ಬಂತು? ಮೊದಲು ಕೊಂಡ 100 ಷೇರಿನ ಡಿವಿಡೆಂಡ್ ಹತ್ತು ವರ್ಷಕ್ಕೆ 4,000. ಅದನ್ನು ಖರ್ಚು ಮಾಡದೆ ಸುಮ್ನೆ ಬ್ಯಾಂಕಿನಲ್ಲಿ ಬಡ್ಡಿಯಿಲ್ಲದೆ ಇಟ್ಟಿದ್ದರೂ 40 ಪರ್ಸೆಂಟ್ ಬರುತ್ತಿತ್ತು. ಆಮೇಲೆ, ಡಿವಿಡೆಂಡಿನಿಂದ ಕೊಂಡ ಷೇರುಗಳು ತಾವೇ ಡಿವಿಡೆಂಡ್ ಕೊಟ್ಟವು, ಅದು 1,302. ಉಳಿದ 1,922 ಬಂದದ್ದು 80ಕ್ಕೆ, 50ಕ್ಕೆ ಕೊಂಡ ಷೇರುಗಳು 100ಕ್ಕೆ ಏರಿದ್ದರಿಂದ. ಷೇರಿನ ಪ್ರೈಸ್ ರಿಟರ್ನ್ ಸೊನ್ನೆ, ಆದರೂ ನಮ್ಮ ಲಾಭದ ಕಾಲು ಭಾಗಕ್ಕಿಂತ ಜಾಸ್ತಿ ಬೆಲೆ ಏರಿದ್ದರಿಂದಲೇ ಬಂದಿದೆ!

ಹತ್ತೂ ವರ್ಷ ಬೆಲೆ 100ರಲ್ಲೇ ನಿಂತಿದ್ದರೆ? ಆಗ 1.04ನ್ನು ಹತ್ತು ಸಲ ಗುಣಿಸಬೇಕು. 48 ಪರ್ಸೆಂಟ್ ಮಾತ್ರ. ಅಂದರೆ ಬೆಲೆ ಮಧ್ಯದಲ್ಲಿ ಬಿದ್ದು ಎದ್ದ ಷೇರೇ ಜಾಸ್ತಿ ಕೊಟ್ಟಿತು. ಎರಡಕ್ಕೂ ಶುರುವಿನ ಬೆಲೆ ಒಂದೇ, ಕೊನೆಯ ಬೆಲೆ ಒಂದೇ, ಡಿವಿಡೆಂಡ್ ಒಂದೇ. ಹಾಗಾಗಿ ಶುರು ಮತ್ತು ಕೊನೆಯ ಬೆಲೆಯ ಜೊತೆ ಒಟ್ಟು ಡಿವಿಡೆಂಡ್ ಗೊತ್ತಿದ್ದರೂ ಟೋಟಲ್ ರಿಟರ್ನ್ ಹೇಳಲು ಆಗುವುದಿಲ್ಲ. ಪ್ರತಿ ಡಿವಿಡೆಂಡ್ ಬಂದ ದಿನ ಬೆಲೆ ಎಷ್ಟಿತ್ತು ಎಂಬುದೂ ಬೇಕು.

ಇದನ್ನು ಓದಿ, ಬೆಲೆ ಬಿದ್ದರೆ ಒಳ್ಳೆಯದು ಎಂದು ತೀರ್ಮಾನಿಸಬೇಡಿ. ನನ್ನ ಉದಾಹರಣೆಯಲ್ಲಿ ಎರಡು ದೊಡ್ಡ ಊಹೆಗಳಿವೆ. ಒಂದು, ಬೆಲೆ ವಾಪಸ್ ಬಂತು. ಬರದಿದ್ದರೆ ಆ 1,922 ಇರುವುದೇ ಇಲ್ಲ. ಇನ್ನೊಂದು, ಬೆಲೆ ಅರ್ಧವಾದಾಗಲೂ ಕಂಪನಿ 4 ಕೊಡುತ್ತಲೇ ಇತ್ತು. ನಿಜವಾಗಿ ಬೆಲೆ ಹಾಗೆ ಬೀಳುವುದು ಎಷ್ಟೋ ಸಲ ಡಿವಿಡೆಂಡ್ ಕಡಿಮೆಯಾಗಬಹುದು ಎಂಬ ಭಯದಿಂದಲೇ. ಆ ಮೂರು ಕೆಟ್ಟ ವರ್ಷಗಳಲ್ಲಿ ಡಿವಿಡೆಂಡ್ 4ರ ಬದಲು 2 ಆಗಿದ್ದರೆ ಒಟ್ಟು ಲಾಭ 72ರಿಂದ ಸುಮಾರು 54 ಪರ್ಸೆಂಟಿಗೆ ಇಳಿಯುತ್ತದೆ.

ಇನ್ನು ಇದನ್ನು ಪರದೆಯ ಮೇಲೆ ಗುರುತಿಸುವುದು ಹೇಗೆ? ಹಳೆಯ ಬೆಲೆಗಳ ಪಟ್ಟಿ ಇಳಿಸಿಕೊಂಡರೆ `Close` ಮತ್ತು `Adj Close` ಎಂಬ ಎರಡು ಕಾಲಂ ಕಾಣಬಹುದು. ಎರಡನೆಯದು ಡಿವಿಡೆಂಡನ್ನು ಸೇರಿಸಿಕೊಂಡ ಬೆಲೆ. ಆದರೆ ಅದು ಮುಂದಿನ ಬೆಲೆಯನ್ನು ಏರಿಸುವುದಿಲ್ಲ, ಹಿಂದಿನ ಬೆಲೆಗಳನ್ನು ಇಳಿಸುತ್ತದೆ. ಪ್ರತಿ ಎಕ್ಸ್ ದಿನಕ್ಕೂ ಅದಕ್ಕಿಂತ ಹಿಂದಿನ ಎಲ್ಲಾ ಬೆಲೆಗಳನ್ನು ಹೀಗೆ ಬರುವ ಅಂಕಿಯಿಂದ ಗುಣಿಸುತ್ತಾರೆ. ಇಲ್ಲಿ C ಎಂದರೆ ಎಕ್ಸ್ ದಿನಕ್ಕೆ ಮುಂಚಿನ ದಿನದ ಕೊನೆಯ ಬೆಲೆ:

```
1 - D/C
```

ನಮ್ಮ ಮೊದಲ ವರ್ಷದಲ್ಲಿ ಅದು 1 - 4/84, ಅಂದರೆ 80/84. ತಿರುಗಿಸಿ ನೋಡಿದರೆ ಅದೇ 1.05! ಹತ್ತು ವರ್ಷವೂ ಬೆಲೆ ಎಕ್ಸ್ ದಿನ ಸರಿಯಾಗಿ ಡಿವಿಡೆಂಡಿನಷ್ಟೇ ಇಳಿದಿತ್ತು ಎಂದುಕೊಂಡರೆ, ನಾವು 100 ಕೊಟ್ಟು ಕೊಂಡ ಷೇರಿನ ಹಳೆಯ ಬೆಲೆ ಈ ಕಾಲಂನಲ್ಲಿ 58.06 ಎಂದು ಕಾಣುತ್ತದೆ. "ನಾನು ಯಾವತ್ತೂ 58ಕ್ಕೆ ಕೊಂಡಿಲ್ಲವಲ್ಲ" ಎಂದು ಗಾಬರಿಯಾಗಬೇಡಿ. ಇವತ್ತಿನ 100ನ್ನು 58.06ರಿಂದ ಭಾಗಿಸಿ, 1.7224 ಸಿಗುತ್ತದೆ. ಆ ಕಾಲಂ ಇರುವುದೇ ಈ ಭಾಗಾಕಾರಕ್ಕಾಗಿ.

ಇಲ್ಲಿ ಎರಡು ಕಡೆ ಎಡವುತ್ತೇವೆ. `Adj Close`ನಿಂದ ಲಾಭ ಲೆಕ್ಕ ಹಾಕಿ, ಅದರ ಮೇಲೆ ಡಿವಿಡೆಂಡನ್ನು ಇನ್ನೊಮ್ಮೆ ಕೂಡಿಸುವುದು ಒಂದು. ಆಗ ಒಂದೇ ದುಡ್ಡು ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಇನ್ನೊಂದು, ಚಾರ್ಟಿನಲ್ಲಿ "ಅಡ್ಜಸ್ಟೆಡ್" ಎಂದು ಕಂಡ ಕೂಡಲೇ ಡಿವಿಡೆಂಡ್ ಸೇರಿದೆ ಎಂದುಕೊಳ್ಳುವುದು. ಷೇರು ಸ್ಪ್ಲಿಟ್ ಆದಾಗ, ಅಂದರೆ ಒಂದು ಷೇರನ್ನು ಹಲವು ಷೇರುಗಳಾಗಿ ಒಡೆದಾಗ, ಅಥವಾ ಬೋನಸ್ ಷೇರು ಬಂದಾಗ ಹಳೆಯ ಬೆಲೆಯನ್ನು ಸರಿಪಡಿಸಲೇಬೇಕು, ಅದನ್ನು ಪ್ರೈಸ್ ರಿಟರ್ನಿನಲ್ಲೂ ಮಾಡುತ್ತಾರೆ. ಎಷ್ಟೋ ಚಾರ್ಟುಗಳು ಅಷ್ಟು ಮಾತ್ರ ಮಾಡಿ ನಿಲ್ಲಿಸುತ್ತವೆ. ಪರೀಕ್ಷೆ ಸುಲಭ. ಯಾವುದಾದರೂ ಒಂದು ಎಕ್ಸ್-ಡಿವಿಡೆಂಡ್ ದಿನದ ಹಿಂದಿನ ದಿನಕ್ಕೆ ಹೋಗಿ. ಆಗ ಮಾರುಕಟ್ಟೆಯಲ್ಲಿ ಇದ್ದ ಬೆಲೆಯೇ ಚಾರ್ಟಿನಲ್ಲೂ ಇದ್ದರೆ, ಮತ್ತು ಆಮೇಲೆ ಸ್ಪ್ಲಿಟ್ ಏನೂ ಆಗಿಲ್ಲದಿದ್ದರೆ, ಡಿವಿಡೆಂಡ್ ಸೇರಿಲ್ಲ.

ಸೂಚ್ಯಂಕಗಳಲ್ಲೂ ಇದೇ ಗೊಂದಲ ಇದೆ. ಸುದ್ದಿಯಲ್ಲಿ ಕೇಳುವ ಅಮೆರಿಕದ ಎಸ್ ಆ್ಯಂಡ್ ಪಿ 500 ಅಂಕಿ ಬೆಲೆಯದ್ದು ಮಾತ್ರ, ಅದರ ಟೋಟಲ್ ರಿಟರ್ನ್ ರೂಪ ಬೇರೆ ಇದೆ. ಜರ್ಮನಿಯ ಡ್ಯಾಕ್ಸ್ ಉಲ್ಟಾ. ಎಲ್ಲರೂ ಹೇಳುವ ಡ್ಯಾಕ್ಸ್ ಅಂಕಿಯಲ್ಲಿ ಡಿವಿಡೆಂಡ್ ಮರುಹೂಡಿಕೆ ಸೇರಿದೆ, ಬೆಲೆ ಮಾತ್ರ ಇರುವ ರೂಪ ಬೇರೆಯಾಗಿ ಸಿಗುತ್ತದೆ. ಈ ಎರಡು ಅಂಕಿಗಳನ್ನು ಹತ್ತು ವರ್ಷದ ಚಾರ್ಟಿನಲ್ಲಿ ಪಕ್ಕಪಕ್ಕ ಇಟ್ಟು ಯಾವ ದೇಶ ಮುಂದೆ ಎಂದು ವಾದಿಸಿದರೆ ಆ ವಾದಕ್ಕೆ ಅರ್ಥವಿಲ್ಲ, ಅಲ್ವಾ? ಭಾರತದಲ್ಲಿ ಮ್ಯೂಚುವಲ್ ಫಂಡುಗಳು ತಮ್ಮನ್ನು ಟೋಟಲ್ ರಿಟರ್ನ್ ಸೂಚ್ಯಂಕದ ಜೊತೆಗೇ ಹೋಲಿಸಬೇಕು ಎಂಬ, ಮಾರುಕಟ್ಟೆ ನಿಯಂತ್ರಕ ಸಂಸ್ಥೆ ಸೆಬಿಯ ನಿಯಮ 2018ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಫಂಡಿನ ಕೈಗೆ ಡಿವಿಡೆಂಡ್ ಬರುತ್ತದೆ. ಅದನ್ನು ಡಿವಿಡೆಂಡ್ ಇಲ್ಲದ ಸೂಚ್ಯಂಕದ ಎದುರು ನಿಲ್ಲಿಸಿದರೆ ಫಂಡ್ ಸುಮ್ಮನೆ ಗೆದ್ದ ಹಾಗೆ ಕಾಣುತ್ತದೆ.

ಕೊನೆಗೆ, ಟೋಟಲ್ ರಿಟರ್ನ್ ಕೂಡ ನಿಮ್ಮ ಕೈಗೆ ಸಿಕ್ಕಿದ ದುಡ್ಡಿಗೆ ಸರಿಯಾಗಿ ಹೊಂದುವುದಿಲ್ಲ. ಲೆಕ್ಕದಲ್ಲಿ ಎಕ್ಸ್ ದಿನವೇ ಮರುಹೂಡಿಕೆ ಆಗುತ್ತದೆ, ನಿಮ್ಮ ಖಾತೆಗೆ ದುಡ್ಡು ಬರುವುದು ಎಷ್ಟೋ ದಿನ ಕಳೆದ ಮೇಲೆ. ಲೆಕ್ಕದಲ್ಲಿ 5.25 ಷೇರು ಕೊಳ್ಳಬಹುದು, ಎಲ್ಲಾ ಮಾರುಕಟ್ಟೆಯಲ್ಲಿ ಕಾಲು ಷೇರು ಸಿಗುವುದಿಲ್ಲ. ಬ್ರೋಕರೇಜ್ ಇದೆ. ಎಲ್ಲಕ್ಕಿಂತ ಜಾಸ್ತಿ ತಿನ್ನುವುದು ತೆರಿಗೆ. ನಮ್ಮ ಉದಾಹರಣೆಯಲ್ಲಿ ಪ್ರತಿ ಡಿವಿಡೆಂಡಿನಲ್ಲಿ 20 ಪರ್ಸೆಂಟ್ ತೆರಿಗೆಗೆ ಹೋದರೆ 4ರ ಬದಲು 3.2 ಮಾತ್ರ ಮರುಹೂಡಿಕೆಗೆ ಉಳಿಯುತ್ತದೆ. ಆಗ 72 ಪರ್ಸೆಂಟ್ ಸುಮಾರು 55ಕ್ಕೆ ಇಳಿಯುತ್ತದೆ. ಸೂಚ್ಯಂಕದ ಹೆಸರಿನಲ್ಲಿ "ಗ್ರಾಸ್" ಅಥವಾ "ನೆಟ್" ಎಂದು ಇದ್ದರೆ ಅದು ಇದನ್ನೇ ಹೇಳುತ್ತದೆ. ಗ್ರಾಸ್‌ನಲ್ಲಿ ತೆರಿಗೆ ಕಳೆದಿರುವುದಿಲ್ಲ. ನೆಟ್‌ನಲ್ಲಿ ಡಿವಿಡೆಂಡ್ ಕೊಡುವಾಗಲೇ ಹಿಡಿಯುವ ತೆರಿಗೆಯನ್ನು ಒಂದು ದರ ಊಹಿಸಿ ಕಳೆದಿರುತ್ತಾರೆ. ಆ ದರ ನಿಮಗೆ ಅನ್ವಯಿಸುವ ದರವೇ ಆಗಿರಬೇಕೆಂದಿಲ್ಲ.